ಸಮ ವೇಗೋತ್ಕರ್ಷದಲ್ಲಿರುವ ಎಲೆಕ್ಟ್ರಾನ್ ಹೊರಸೂಸುವ ಶಕ್ತಿ ಯಾರ ಖಾತೆಯಿಂದ ಹೋಗುತ್ತದೆ?

ಧಾರವಾಡದ ಎಂಎಸ್ಸಿ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ವಿದ್ಯುತ್ಕಾಂತ ಸಿದ್ಧಾಂತದ ಪಾಠದಲ್ಲಿ ಎರಡು ವಾರಗಳಿಂದ ಒಂದೇ ಕಡೆ ನಿಂತಿದ್ದೇನೆ. ವೇಗ ಬದಲಾಗುತ್ತಿರುವ ಆವೇಶವು ವಿಕಿರಣವನ್ನು ಹೊರಸೂಸುತ್ತದೆ ಎಂದೂ ಅದರ ಸಾಮರ್ಥ್ಯ ವೇಗೋತ್ಕರ್ಷದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದೂ ಲಾರ್ಮರ್ 1897ರಲ್ಲಿ ತೋರಿಸಿದ್ದು ನಮಗೆಲ್ಲ ಗೊತ್ತಿರುವುದೇ. ಹೊರಟುಹೋದ ಶಕ್ತಿಗೆ ಪ್ರತಿಯಾಗಿ ಆವೇಶದ ಮೇಲೆ ಒಂದು ಬಲ ಬೀಳಲೇಬೇಕು, ಅದೇ ಅಬ್ರಹಾಂ–ಲೊರೆಂಟ್ಸ್ ಬಲ. ಪಾಠದ ಟಿಪ್ಪಣಿಯಲ್ಲಿ ಇವೆರಡನ್ನೂ ಹೀಗೆ ಬರೆದುಕೊಂಡಿದ್ದೇನೆ:

```
P = m τ a²
m a = F + m τ (da/dt)
τ = q² / (6π ε₀ m c³)
```

ಎಲೆಕ್ಟ್ರಾನಿಗೆ τ ಎಂದರೆ ಸುಮಾರು 6.3 × 10⁻²⁴ ಸೆಕೆಂಡ್. ಈಗ ನನ್ನ ತೊಡಕು ಹೀಗಿದೆ. ಎರಡು ಸಮಾಂತರ ಫಲಕಗಳ ನಡುವಿನ ಏಕರೂಪ ಕ್ಷೇತ್ರದಲ್ಲಿ ಎಲೆಕ್ಟ್ರಾನ್ ಓಡುವಾಗ ಅದರ ವೇಗೋತ್ಕರ್ಷ ಬದಲಾಗುವುದಿಲ್ಲ, ಹಾಗಾಗಿ da/dt ಸೊನ್ನೆ, ಹಾಗಾಗಿ ಪ್ರತಿಕ್ರಿಯಾ ಬಲವೂ ಸೊನ್ನೆ. ಆದರೆ P ಸೊನ್ನೆಯಲ್ಲ. ಕ್ಷೇತ್ರ ಮಾಡಿದ ಕೆಲಸವೆಲ್ಲ ಎಲೆಕ್ಟ್ರಾನಿನ ಚಲನ ಶಕ್ತಿಯಾಗಿಯೇ ಸೇರಿಹೋದರೆ ವಿಕಿರಣವಾಗಿ ಹೊರಟ ಶಕ್ತಿ ಎಲ್ಲಿಂದ ಬಂತು? ತರಗತಿಯಲ್ಲಿ ಕೇಳಿದಾಗ ಪರೀಕ್ಷೆಗೆ ಇದು ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು.

ಇನ್ನೊಂದು ವಿಷಯವೂ ಇದೆ. ಇದನ್ನೇ ಕಂಪ್ಯೂಟರಿನಲ್ಲಿ ಮಾಡಿ ನೋಡೋಣವೆಂದು ಚಿಕ್ಕ ಪ್ರೋಗ್ರಾಂ ಬರೆದೆ. ಸುಲಭವಾಗಲೆಂದು ಎಲ್ಲ ಅಳತೆಗಳನ್ನೂ 1 ಎಂದು ಇಟ್ಟುಕೊಂಡಿದ್ದೇನೆ, F(t) ಎಂಬುದು t = 0 ಆದ ಮೇಲೆ 1, ಅದಕ್ಕೆ ಮುಂಚೆ 0.

```
a = 0.0
while t < 10:
    a = a + dt*(a - F(t)/m)/tau
    v = v + dt*a
    t = t + dt
```

ಬಲವನ್ನು ಮುಂದಕ್ಕೆ ಹಾಕಿದರೆ ಎಲೆಕ್ಟ್ರಾನ್ ಹಿಂದಕ್ಕೆ ಓಡುತ್ತದೆ, ಅದೂ ಕ್ಷಣಕ್ಷಣಕ್ಕೂ ಹೆಚ್ಚುವ ರಭಸದಲ್ಲಿ. ಇದು ನನ್ನ ತಪ್ಪೋ ಸಮೀಕರಣದ ತಪ್ಪೋ ತಿಳಿಯುತ್ತಿಲ್ಲ.

ಆಂಟೆನಾ ಎಂಜಿನಿಯರ್

ಇಪ್ಪತ್ತು ವರ್ಷಗಳಿಂದ ಪ್ರಸಾರದ ಆಂಟೆನಾಗಳ ಕೆಲಸ ಮಾಡುತ್ತಿರುವವನಾಗಿ ಹೇಳುತ್ತೇನೆ, ನಮ್ಮಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅರ್ಧ ತರಂಗದ ಡೈಪೋಲ್ ಒಂದಕ್ಕೆ ವಿದ್ಯುತ್ ಹಾಯಿಸಿದರೆ ತಂತಿಯ ಸ್ವಂತ ರೋಧವನ್ನು ಬಿಟ್ಟು ಸುಮಾರು 73 ಓಮ್‌ನಷ್ಟು ರೋಧ ಕಾಣುತ್ತದೆ, ಅದರಲ್ಲಿ ಖರ್ಚಾದ ಸಾಮರ್ಥ್ಯವೇ ಆಕಾಶಕ್ಕೆ ಹೋಗುವ ಸಾಮರ್ಥ್ಯ. ಅಂದರೆ ಟ್ರಾನ್ಸ್‌ಮಿಟರ್ ತಕ್ಷಣವೇ ಪಾವತಿ ಮಾಡುತ್ತದೆ. ನಿಮ್ಮ ಫಲಕಗಳಿಗೂ ಒಂದು ಬ್ಯಾಟರಿ ಇದ್ದೇ ಇದೆ. ಆ ಬ್ಯಾಟರಿಯೇ ಚಲನ ಶಕ್ತಿಯನ್ನೂ ವಿಕಿರಣದ ಶಕ್ತಿಯನ್ನೂ ಕೊಡುತ್ತದೆ. ಇದರಲ್ಲಿ ಒಗಟೇನಿದೆ?

ಧಾರವಾಡದ ಎಂಎಸ್ಸಿ ವಿದ್ಯಾರ್ಥಿ

ಸರ್, ಬ್ಯಾಟರಿ ಕೊಡುವ ಸಾಮರ್ಥ್ಯ F·v. ಪ್ರತಿಕ್ರಿಯಾ ಬಲ ಇಲ್ಲದಿದ್ದಾಗ F = ma, ಹಾಗಾಗಿ ಅದಷ್ಟೂ ಚಲನ ಶಕ್ತಿ ಹೆಚ್ಚುವ ದರಕ್ಕೆ ಸರಿಸಮವಾಗಿ ಮುಗಿದುಹೋಗುತ್ತದೆ. ವಿಕಿರಣಕ್ಕೆಂದು ಬ್ಯಾಟರಿಯಲ್ಲಿ ಬಿಡಿಗಾಸೂ ಉಳಿಯುವುದಿಲ್ಲ.

ನಿವೃತ್ತ ಪ್ರಾಧ್ಯಾಪಕಿ

ವಿದ್ಯಾರ್ಥಿಯ ಆಕ್ಷೇಪ ಸರಿಯಾಗಿದೆ. ಎಂಜಿನಿಯರ್ ಅವರ ಮಾತು ಅವರ ಕ್ಷೇತ್ರದಲ್ಲಿ ಸಂಪೂರ್ಣ ಸರಿ, ಆದರೆ ಅದು ಇಲ್ಲಿಗೆ ಏಕೆ ಅನ್ವಯವಾಗುವುದಿಲ್ಲ ಎಂಬುದರಲ್ಲಿಯೇ ಉತ್ತರವಿದೆ.

ಪ್ರತಿಕ್ರಿಯಾ ಬಲದ ಆ ಸೂತ್ರವನ್ನು ನಾವು ಹೇಗೆ ಪಡೆದೆವು ಎಂಬುದನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಪ್ರತಿಕ್ರಿಯಾ ಬಲ ಮಾಡಿದ ಕೆಲಸವು ಹೊರಸೂಸಿದ ಶಕ್ತಿಯ ಋಣ ಮೌಲ್ಯಕ್ಕೆ ಸಮನಾಗಿರಬೇಕೆಂದು ಕೇಳುತ್ತೇವೆ. ಆಮೇಲೆ a² ಎಂಬುದನ್ನು a·(dv/dt) ಎಂದು ಬರೆದು ಭಾಗಶಃ ಅನುಕಲನ ಮಾಡುತ್ತೇವೆ. ಆಗ ಎರಡು ಪದಗಳು ಬರುತ್ತವೆ:

```
-∫ m τ a² dt  =  ∫ m τ (da/dt)·v dt  -  [ m τ a·v ]
```

ಬಲಗಡೆಯ ಮೊದಲ ಪದದಿಂದ ಬಲದ ಸೂತ್ರವನ್ನು ಓದಿಕೊಳ್ಳುತ್ತೇವೆ. ಎರಡನೆಯ ಪದ ಆರಂಭ ಮತ್ತು ಅಂತ್ಯದ ಕ್ಷಣಗಳಿಗೆ ಸಂಬಂಧಿಸಿದ್ದು. ಚಲನೆ ಆವರ್ತವಾಗಿದ್ದರೆ ಒಂದು ಸುತ್ತು ಮುಗಿದಾಗ ಅದು ಮೊದಲಿನ ಬೆಲೆಗೇ ಮರಳುತ್ತದೆ, ಆದ್ದರಿಂದ ಅದನ್ನು ಬಿಟ್ಟುಬಿಡುತ್ತೇವೆ. ಆಂಟೆನಾದಲ್ಲಿ ವಿದ್ಯುತ್ ಪ್ರವಾಹ ಹಿಂದೆ ಮುಂದೆ ತೂಗುವುದರಿಂದ ಆ ಪದ ಯಾರ ಕಣ್ಣಿಗೂ ಬೀಳುವುದಿಲ್ಲ, 73 ಓಮ್‌ನ ಲೆಕ್ಕ ಒಂದೊಂದು ಸುತ್ತಿನ ಸರಾಸರಿಯಲ್ಲಿ ಚುಕ್ತಾ ಆಗುತ್ತದೆ. ಏಕರೂಪ ಕ್ಷೇತ್ರದಲ್ಲಿ ಒಂದೇ ದಿಕ್ಕಿಗೆ ಓಡುತ್ತಿರುವ ಎಲೆಕ್ಟ್ರಾನ್ ಎಲ್ಲಿಗೂ ಮರಳುವುದಿಲ್ಲ, ಆದ್ದರಿಂದ ಅಲ್ಲಿ ಆ ಪದವನ್ನು ಬಿಡುವಂತಿಲ್ಲ.

ಷಾಟ್ ಎಂಬ ಭೌತವಿಜ್ಞಾನಿ 1915ರ ಹೊತ್ತಿಗೆ ಇದಕ್ಕೆ ಒಂದು ಅರ್ಥ ಕೊಟ್ಟರು. −mτ a·v ಎಂಬುದು ಆವೇಶಕ್ಕೆ ಅಂಟಿಕೊಂಡಿರುವ ಸಮೀಪ ಕ್ಷೇತ್ರದಲ್ಲಿನ ಒಂದು ಶಕ್ತಿ. ವಿಕಿರಣದಂತೆ ಅದು ಬಿಟ್ಟುಹೋಗುವುದಿಲ್ಲ, ಕೊಡುವುದಕ್ಕೂ ಬರುತ್ತದೆ, ಹಿಂದಕ್ಕೆ ಪಡೆಯುವುದಕ್ಕೂ ಬರುತ್ತದೆ. ನಿಶ್ಚಲ ಸ್ಥಿತಿಯಿಂದ ಹೊರಟ ಎಲೆಕ್ಟ್ರಾನಿಗೆ T ಸಮಯದ ನಂತರ v = aT, ಹಾಗಾಗಿ ಷಾಟ್ ಶಕ್ತಿ −mτa²T. ಅಷ್ಟರಲ್ಲಿ ಹೊರಸೂಸಿದ ವಿಕಿರಣದ ಶಕ್ತಿ +mτa²T. ಎರಡೂ ಕೂಡಿದರೆ ಸೊನ್ನೆ. ಎಂದರೆ ಫಲಕಗಳ ನಡುವೆ ಇರುವಷ್ಟು ಹೊತ್ತು ಎಲೆಕ್ಟ್ರಾನ್ ತನ್ನ ಸಮೀಪ ಕ್ಷೇತ್ರದಿಂದ ಸಾಲ ತೆಗೆದು ವಿಕಿರಣಕ್ಕೆ ಕೊಡುತ್ತಿರುತ್ತದೆ. ಆ ಸಾಲ ತೀರುವುದು ಹೊರಬರುವ ಬಾಗಿಲಿನಲ್ಲಿ.

ಅಂಕಿಗಳನ್ನು ಹಾಕಿ ನೋಡೋಣ. ಕ್ಷೇತ್ರ ಮೀಟರಿಗೆ 10⁷ ವೋಲ್ಟ್ ಇರಲಿ. ಆಗ ವೇಗೋತ್ಕರ್ಷ 1.76 × 10¹⁸ ಮೀ/ಸೆ². ಎಲೆಕ್ಟ್ರಾನ್ ಬೆಳಕಿನ ವೇಗದ ಹತ್ತನೆಯ ಒಂದು ಭಾಗವನ್ನು ಮುಟ್ಟಲು 1.7 × 10⁻¹¹ ಸೆಕೆಂಡ್ ಸಾಕು, ಅಷ್ಟರಲ್ಲಿ ಅದು ಕಾಲು ಮಿಲಿಮೀಟರ್ ದೂರ ಸಾಗಿ ಸುಮಾರು 2,560 ಎಲೆಕ್ಟ್ರಾನ್-ವೋಲ್ಟ್ ಗಳಿಸಿರುತ್ತದೆ. ಹೊರಸೂಸಿದ್ದು ಒಂದು ಎಲೆಕ್ಟ್ರಾನ್-ವೋಲ್ಟಿನ ನೂರು ಕೋಟಿ ಭಾಗಗಳಲ್ಲಿ ಎರಡು ಭಾಗದಷ್ಟು ಮಾತ್ರ. ಎರಡರ ಅನುಪಾತ ಸರಳವಾಗಿ 2τ/T.

ಈಗ ಎಲೆಕ್ಟ್ರಾನ್ ಎದುರಿನ ಫಲಕದ ರಂಧ್ರದಿಂದ ಹೊರಬರುತ್ತದೆ ಎನ್ನಿ. ಅಲ್ಲಿ ವೇಗೋತ್ಕರ್ಷ a ಯಿಂದ ಸೊನ್ನೆಗೆ ಇಳಿಯುತ್ತದೆ, da/dt ಋಣವಾಗಿರುತ್ತದೆ, ಕೊನೆಗೂ ಪ್ರತಿಕ್ರಿಯಾ ಬಲ ಕಾಣಿಸಿಕೊಳ್ಳುತ್ತದೆ. ಅಂಚು ಎಷ್ಟು ಅಗಲವಿದ್ದರೂ ಅದು ಕೊಡುವ ಒಟ್ಟು ಹಿನ್ನೂಕು ಒಂದೇ: −mτa. ಅದರಿಂದ ವೇಗ ಕಡಿಮೆಯಾಗುವುದು τa, ಅಂದರೆ ಸೆಕೆಂಡಿಗೆ ಸುಮಾರು 11 ಮೈಕ್ರೋಮೀಟರ್. ಸೆಕೆಂಡಿಗೆ ಮೂರು ಕೋಟಿ ಮೀಟರ್ ಓಡುತ್ತಿರುವ ಎಲೆಕ್ಟ್ರಾನಿಗೆ ಇದು ಏನೂ ಅಲ್ಲ, ಆದರೆ ಇದನ್ನು mv ಯಿಂದ ಗುಣಿಸಿ ನೋಡಿ, mτa × aT ಬರುತ್ತದೆ, ಹೊರಸೂಸಿದ ಶಕ್ತಿಗೆ ಸರಿಯಾಗಿ ಸಮ.

ಧಾರವಾಡದ ಎಂಎಸ್ಸಿ ವಿದ್ಯಾರ್ಥಿ

ಮೇಡಂ, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಆದರೂ ಒಂದು ಅನುಮಾನ. ಹೊರಬರುವ ಬಾಗಿಲಿನಲ್ಲಿ ಬೀಳುವ ಬಲಕ್ಕೆ ಎಲೆಕ್ಟ್ರಾನ್ ಒಳಗೆ ಎಷ್ಟು ಹೊತ್ತು ಇತ್ತು ಎಂಬುದು ಹೇಗೆ ಗೊತ್ತು? ಅದು ಮೊದಲೇ ವೇಗವಾಗಿ ಒಳಗೆ ಬಂದಿದ್ದರೆ ಹೊರಗೆ ಹೋಗುವಾಗ ಅಗತ್ಯಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಳ್ಳುವುದಿಲ್ಲವೇ?

ನಿವೃತ್ತ ಪ್ರಾಧ್ಯಾಪಕಿ

ಒಳಬರುವ ಬಾಗಿಲನ್ನು ನೀವು ಮರೆತಿದ್ದೀರಿ. ಅಲ್ಲಿ a ಸೊನ್ನೆಯಿಂದ ಏರುವುದರಿಂದ ನೂಕು ಮುಂದಕ್ಕೆ ಬೀಳುತ್ತದೆ. ನಿಶ್ಚಲವಾಗಿದ್ದ ಎಲೆಕ್ಟ್ರಾನಿಗೆ ಅದರಿಂದ ಸಿಗುವ ಶಕ್ತಿ ನಗಣ್ಯ, ಅದಕ್ಕೇ ನಾನು ಹೇಳಲಿಲ್ಲ. v₀ ವೇಗದಿಂದ ಬಂದದ್ದಕ್ಕೆ ಸಿಗುವುದು mτa v₀. ಉಳಿದ ಲೆಕ್ಕವನ್ನು ನೀವೇ ಮಾಡಿ. ಅದರ ಜೊತೆಗೆ ಇನ್ನೊಂದು ಸಂದರ್ಭವನ್ನೂ ನೋಡಿ: ಎಲೆಕ್ಟ್ರಾನ್ ಕ್ಷೇತ್ರದ ಬಲಕ್ಕೆ ಎದುರಾಗಿ ಒಳನುಗ್ಗಿ, ನಿಧಾನವಾಗಿ, ನಿಂತು, ತಿರುಗಿ, ಬಂದ ಬಾಗಿಲಿನಿಂದಲೇ ಹೊರಬೀಳುತ್ತದೆ.

ಧಾರವಾಡದ ಎಂಎಸ್ಸಿ ವಿದ್ಯಾರ್ಥಿ

ಮಾಡಿದೆ. ಮೊದಲನೆಯದರಲ್ಲಿ ಒಳಬರುವಾಗ mτa v₀ ಲಾಭ, ಹೊರಹೋಗುವಾಗ mτa(v₀ + aT) ನಷ್ಟ, ವ್ಯತ್ಯಾಸ mτa²T. ಎಲೆಕ್ಟ್ರಾನ್ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ, ಅದರ ವೇಗವೇ ನೆನಪು.

ಎರಡನೆಯದು ನನಗೆ ಇನ್ನೂ ಇಷ್ಟವಾಯಿತು. ಒಳನುಗ್ಗುವಾಗ ವೇಗೋತ್ಕರ್ಷ ವೇಗಕ್ಕೆ ವಿರುದ್ಧ ದಿಕ್ಕಿನಲ್ಲಿ ಹುಟ್ಟುತ್ತದೆ, ಆದ್ದರಿಂದ ನೂಕು ಹಿಂದಕ್ಕೆ, ನಷ್ಟ mτ|a|v₀. ಹೊರಬೀಳುವಾಗ ವೇಗ ತಿರುಗಿರುತ್ತದೆ, ನೂಕೂ ತಿರುಗಿರುತ್ತದೆ, ಮತ್ತೆ ಅಷ್ಟೇ ನಷ್ಟ. ಒಟ್ಟು 2mτ|a|v₀. ಒಳಗಿದ್ದ ಸಮಯ 2v₀/|a|, ಹಾಗಾಗಿ ವಿಕಿರಣದ ಶಕ್ತಿಯೂ 2mτ|a|v₀. ಇಲ್ಲಿ ಅರ್ಧವನ್ನು ಮುಂಗಡವಾಗಿ ಕೊಟ್ಟು ಉಳಿದರ್ಧವನ್ನು ಹೊರಡುವಾಗ ಕೊಟ್ಟಂತಾಯಿತು.

ಕೋಡ್ ಬರೆಯುವವ

ನಾನು ಭೌತವಿಜ್ಞಾನದವನಲ್ಲ, ಆದರೆ ಪ್ರೋಗ್ರಾಂ ಬಗ್ಗೆ ಹೇಳಬಲ್ಲೆ. ನೀವು ಬಳಸಿದ್ದು ಆಯ್ಲರ್ ವಿಧಾನ, ಅದು ಒರಟು. dt ಯನ್ನು ನೂರು ಪಟ್ಟು ಚಿಕ್ಕದು ಮಾಡಿ, ಇಲ್ಲವೇ ನಾಲ್ಕನೆಯ ದರ್ಜೆಯ ರುಂಗೆ–ಕುಟ್ಟ ವಿಧಾನ ಹಾಕಿ. ಇಂಥ ಸ್ಫೋಟಗಳು ನೂರಕ್ಕೆ ತೊಂಬತ್ತು ಸಲ ಹೆಜ್ಜೆಯ ಗಾತ್ರದಿಂದಲೇ ಆಗುತ್ತವೆ.

ಧಾರವಾಡದ ಎಂಎಸ್ಸಿ ವಿದ್ಯಾರ್ಥಿ

ಎರಡನ್ನೂ ಪ್ರಯತ್ನಿಸಿದೆ. ವಕ್ರರೇಖೆ ನಯವಾಯಿತೇ ಹೊರತು ಜಾಗ ಬದಲಿಸಲಿಲ್ಲ. ಎಲೆಕ್ಟ್ರಾನ್ ಅದೇ ರಭಸದಲ್ಲಿ ಹಿಂದಕ್ಕೇ ಓಡುತ್ತದೆ.

ನಿವೃತ್ತ ಪ್ರಾಧ್ಯಾಪಕಿ

ಅದೇ ಗುರುತು. ಹೆಜ್ಜೆ ಚಿಕ್ಕದಾದಂತೆ ಸ್ಫೋಟ ದೂರ ಸರಿದರೆ ದೋಷ ವಿಧಾನದ್ದು, ಎಷ್ಟು ಚಿಕ್ಕದಾದರೂ ಉತ್ತರ ಒಂದೇ ವಕ್ರರೇಖೆಯ ಮೇಲೆ ನೆಲೆಗೊಂಡರೆ ಪ್ರೋಗ್ರಾಂ ಸಮೀಕರಣವನ್ನು ಸರಿಯಾಗಿಯೇ ಬಿಡಿಸುತ್ತಿದೆ. ನಿಮ್ಮ ಆರಂಭದ ನಿಯಮಕ್ಕೆ ನಿಖರವಾದ ಉತ್ತರ a = (F/m)(1 − e^(t/τ)), ಅದು ನಿಜವಾಗಿಯೂ ಹಿಂದಕ್ಕೆ ಓಡುತ್ತದೆ. ಬಲವೇ ಇಲ್ಲದಿದ್ದರೂ ಆರಂಭದಲ್ಲಿ ಎಳ್ಳಷ್ಟು ವೇಗೋತ್ಕರ್ಷವಿದ್ದರೆ ಅದು e^(t/τ) ಪ್ರಕಾರ ಬೆಳೆಯುತ್ತಲೇ ಹೋಗುತ್ತದೆ.

ಕೋಡ್ ಬರೆಯುವವ

ಹಾಗಿದ್ದರೆ ಕಾಲವನ್ನು ಹಿಂದುಮುಂದು ಮಾಡಿ. ಮುಂದಕ್ಕೆ ಹೋಗುವಾಗ ಬೆಳೆಯುವ ದೋಷ ಹಿಂದಕ್ಕೆ ಬರುವಾಗ ಕರಗಬೇಕು. ಬಲ ನಿಂತುಹೋದ ಮೇಲಿನ ಒಂದು ಕ್ಷಣದಲ್ಲಿ a = 0 ಎಂದಿಟ್ಟು ಅಲ್ಲಿಂದ ಹಿಂದಕ್ಕೆ ಬನ್ನಿ. ನಾನು ಈಗಷ್ಟೇ ಮಾಡಿ ನೋಡಿದೆ, ಎಲ್ಲವೂ ಶಾಂತವಾಗಿದೆ. ಒಂದೇ ವಿಚಿತ್ರವೆಂದರೆ ಬಲ ಬೀಳುವುದಕ್ಕೆ ಮುಂಚೆಯೇ a ಏರತೊಡಗುತ್ತದೆ. ಇದು ನನ್ನ ದೋಷವೇ?

ನಿವೃತ್ತ ಪ್ರಾಧ್ಯಾಪಕಿ

ಅಲ್ಲ. ನೀವು ಭೌತವಿಜ್ಞಾನದವನಲ್ಲ ಎನ್ನುತ್ತಲೇ ಡಿರಾಕ್ 1938ರಲ್ಲಿ ಹಿಡಿದ ದಾರಿಯನ್ನೇ ಹಿಡಿದಿದ್ದೀರಿ. ಓಡಿಹೋಗುವ ಉತ್ತರಗಳನ್ನು ತಡೆಯಲು ಅವರು ಆರಂಭದ ಬದಲು ಅಂತ್ಯಕ್ಕೆ ನಿಯಮ ಹಾಕಿದರು. ಅದಕ್ಕೆ ತೆತ್ತ ಬೆಲೆ ನೀವು ಕಂಡ ಆ ವಿಚಿತ್ರ: ಬಲ ಬರುವುದಕ್ಕೆ τ ದಷ್ಟು ಮುಂಚೆ ಎಲೆಕ್ಟ್ರಾನ್ ಹೊರಟುಬಿಡುತ್ತದೆ, ಕಾರಣಕ್ಕಿಂತ ಮೊದಲು ಕಾರ್ಯ. ಅಷ್ಟು ಸಮಯದಲ್ಲಿ ಬೆಳಕು ಸಾಗುವ ದೂರ 1.9 × 10⁻¹⁵ ಮೀಟರ್, ಅಂದರೆ ಒಂದು ಪರಮಾಣು ನ್ಯೂಕ್ಲಿಯಸ್‌ನ ಅಳತೆ. ಅಷ್ಟು ಚಿಕ್ಕದೆಂದು ಕ್ಷಮಿಸಿಬಿಡಬಹುದೇ? ನನಗೆ ಅದು ಒಪ್ಪಿಗೆಯಾಗಿರಲಿಲ್ಲ, ಸಂಶೋಧನೆಯ ದಿನಗಳಲ್ಲಿ ಈ ಒಂದು ಮಾತು ನನ್ನನ್ನು ತಿಂಗಳುಗಟ್ಟಲೆ ಕಾಡಿದೆ.

ನನಗೆ ದಾರಿ ತೋರಿಸಿದ್ದು ಎಲೆಕ್ಟ್ರಾನನ್ನು ಬಿಂದುವೆಂದು ಭಾವಿಸುವುದನ್ನು ಬಿಟ್ಟು ಮಾಡಿದ ಲೆಕ್ಕ. R ತ್ರಿಜ್ಯದ ಟೊಳ್ಳು ಗೋಳದ ಮೈಮೇಲೆ ಆವೇಶವನ್ನು ಸಮನಾಗಿ ಹರಡಿ, ಗೋಳದ ಒಂದು ಭಾಗ ಇನ್ನೊಂದರ ಮೇಲೆ ಹಾಕುವ ಬಲವನ್ನು ಕೂಡುತ್ತ ಹೋದರೆ, ನಿಧಾನ ಚಲನೆಗೆ ಈ ಸಮೀಕರಣ ಸಿಗುತ್ತದೆ:

```
m₀ (dv/dt) = F + [q² / (12π ε₀ c R²)] · [ v(t - 2R/c) - v(t) ]
```

2R/c ಎಂದರೆ ಬೆಳಕು ಗೋಳದ ವ್ಯಾಸವನ್ನು ದಾಟುವ ಸಮಯ. ಗೋಳವು ತನ್ನ ಈಗಿನ ವೇಗವನ್ನು ಅಷ್ಟು ಹಿಂದಿನ ವೇಗದೊಂದಿಗೆ ಹೋಲಿಸಿ ನೋಡುತ್ತದೆ, ಪ್ರತಿಕ್ರಿಯೆ ಎಂದರೆ ಅಷ್ಟೇ. ಭವಿಷ್ಯದ ಸುಳಿವೇ ಇದರಲ್ಲಿಲ್ಲ. ಈಗ R ಚಿಕ್ಕದೆಂದು ಭಾವಿಸಿ ಹಿಂದಿನ ವೇಗವನ್ನು ಶ್ರೇಣಿಯಾಗಿ ಬಿಡಿಸಿ. ಮೊದಲ ಪದ ವೇಗೋತ್ಕರ್ಷಕ್ಕೆ ಅನುಪಾತದಲ್ಲಿದ್ದು ದ್ರವ್ಯರಾಶಿಯೊಳಗೆ ಸೇರಿಹೋಗುತ್ತದೆ, ಎರಡನೆಯದು ನಮ್ಮ ಅಬ್ರಹಾಂ–ಲೊರೆಂಟ್ಸ್ ಬಲ, ಉಳಿದವು R ಜೊತೆ ಸೊನ್ನೆಯಾಗುತ್ತವೆ. ಆದರೆ ಮೊದಲ ಪದದ ದ್ರವ್ಯರಾಶಿಯ ಬೆಲೆ m·cτ/R. ನಾವು ಅಳೆಯುವ ದ್ರವ್ಯರಾಶಿ m ಆಗಿಯೇ ಉಳಿಯಬೇಕಾದರೆ ಗೋಳದ ಸ್ವಂತ ದ್ರವ್ಯರಾಶಿ m₀ = m(1 − cτ/R) ಆಗಬೇಕು. R ಎಂಬುದು cτ ಗಿಂತ, ಅಂದರೆ ಆ 1.9 × 10⁻¹⁵ ಮೀಟರಿಗಿಂತ, ಕಡಿಮೆಯಾದ ಕೂಡಲೇ m₀ ಋಣವಾಗುತ್ತದೆ. ಓಡಿಹೋಗುವ ಉತ್ತರಗಳು ಹುಟ್ಟುವುದು ಸರಿಯಾಗಿ ಅಲ್ಲಿಂದಲೇ. ಋಣ ದ್ರವ್ಯರಾಶಿಯ ವಸ್ತುವೊಂದನ್ನು ಸಮೀಕರಣದೊಳಗೆ ಬಚ್ಚಿಟ್ಟ ಮೇಲೆ ಅದು ಬಲಕ್ಕೆ ವಿರುದ್ಧವಾಗಿ ಓಡಿತೆಂದು ಅಚ್ಚರಿಪಡಬೇಕಾಗಿಲ್ಲ. ವಿದ್ಯಾರ್ಥಿಯ ಪ್ರೋಗ್ರಾಂನಲ್ಲಿ ಹಿಂದಕ್ಕೆ ಓಡಿದ್ದು ಇದರದೇ ಫಲ.

ಧಾರವಾಡದ ಎಂಎಸ್ಸಿ ವಿದ್ಯಾರ್ಥಿ

ಹಾಗಾದರೆ ನಿಜವಾದ ಲೆಕ್ಕ ಮಾಡಬೇಕಾದವರು ಏನು ಮಾಡುತ್ತಾರೆ?

ನಿವೃತ್ತ ಪ್ರಾಧ್ಯಾಪಕಿ

ಪ್ರತಿಕ್ರಿಯಾ ಬಲ ಚಿಕ್ಕದೆಂಬುದನ್ನೇ ಬಳಸಿಕೊಳ್ಳುತ್ತಾರೆ. da/dt ಇರುವ ಜಾಗದಲ್ಲಿ ಹೊರಗಿನ ಬಲದ ಬದಲಾವಣೆಯ ದರವನ್ನು m ನಿಂದ ಭಾಗಿಸಿ ಇಡುತ್ತಾರೆ, ಆಗ m a = F + τ(dF/dt) ಎಂದಾಗುತ್ತದೆ. ಲಂಡಾವ್ ಮತ್ತು ಲಿಫ್‌ಷಿಟ್ಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ರೂಪ ಇದು. ಇದರಲ್ಲಿ ಓಟವೂ ಇಲ್ಲ, ಮುಂಚಿತ ಚಲನೆಯೂ ಇಲ್ಲ, ಬಾಗಿಲುಗಳಲ್ಲಿ ಬೀಳುವ ನೂಕು ಮಾತ್ರ ಹಾಗೆಯೇ ಉಳಿಯುತ್ತದೆ. ಷರತ್ತು ಒಂದೇ, τ ಸಮಯದಲ್ಲಿ ಬಲ ಹೆಚ್ಚು ಬದಲಾಗಬಾರದು. ನಿಮ್ಮ ಫಲಕದ ಅಂಚಿನ ಕ್ಷೇತ್ರ 10 ಮೈಕ್ರೋಮೀಟರ್ ಅಗಲದಲ್ಲಿ ಇಳಿಯುತ್ತದೆ ಎಂದಿಟ್ಟುಕೊಂಡರೆ ಎಲೆಕ್ಟ್ರಾನ್ ಅದನ್ನು ದಾಟಲು 3 × 10⁻¹³ ಸೆಕೆಂಡ್ ತೆಗೆದುಕೊಳ್ಳುತ್ತದೆ, τ ಗಿಂತ ಅದು ಐದು ಸಾವಿರ ಕೋಟಿ ಪಟ್ಟು ಉದ್ದ. ನೀವು ಬರೆದ ಹಾಗೆ ಒಂದೇ ಏಟಿಗೆ ಸೊನ್ನೆಯಿಂದ ಒಂದಕ್ಕೆ ನೆಗೆಯುವ ಬಲ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ಇಂದೋರಿನಲ್ಲಿರುವ ಕನ್ನಡಿಗ

ನಾನು ಬಹಳ ವರ್ಷ ವೇಗವರ್ಧಕಗಳ ನಡುವೆ ಕಳೆದವನು, ಆದ್ದರಿಂದ ಪ್ರತಿಕ್ರಿಯಾ ಬಲ ಅಳತೆಗೆ ಸಿಗದಷ್ಟು ಚಿಕ್ಕದೆಂಬ ಭಾವನೆ ಇಲ್ಲಿ ಓದಿದವರಿಗೆ ಬರಬಾರದೆಂದು ಬರೆಯುತ್ತಿದ್ದೇನೆ. ಇಲ್ಲಿನ ಇಂಡಸ್-2 ಉಂಗುರದಲ್ಲಿ 2.5 ಗಿಗಾ ಎಲೆಕ್ಟ್ರಾನ್-ವೋಲ್ಟಿನ ಎಲೆಕ್ಟ್ರಾನುಗಳು ಸುಮಾರು 172 ಮೀಟರ್ ಸುತ್ತಳತೆಯಲ್ಲಿ ತಿರುಗುತ್ತವೆ. ಬಾಗಿಸುವ ಅಯಸ್ಕಾಂತಗಳಲ್ಲಿ ಒಂದೊಂದು ಎಲೆಕ್ಟ್ರಾನೂ ಪ್ರತಿ ಸುತ್ತಿಗೆ ಆರು ಲಕ್ಷ ಎಲೆಕ್ಟ್ರಾನ್-ವೋಲ್ಟಿಗೂ ಹೆಚ್ಚು ಕಳೆದುಕೊಳ್ಳುತ್ತದೆ. ಅದನ್ನು ರೇಡಿಯೋ ಆವರ್ತನದ ಕುಹರಗಳು ತುಂಬಿಕೊಡದಿದ್ದರೆ ಎಲೆಕ್ಟ್ರಾನ್ ಪುಂಜ ಕಣ್ಣು ಮಿಟುಕಿಸುವುದರೊಳಗೆ ಒಳಗೋಡೆಗೆ ಬಡಿದು ಮುಗಿಯುತ್ತದೆ. ಅಲ್ಲಿ ಸಾಲದ ಮಾತೇ ಇಲ್ಲ, ನಷ್ಟ ನೇರವಾಗಿ ಕಾಣುತ್ತದೆ. ನಿಮ್ಮ ಷಾಟ್ ಶಕ್ತಿ ಇಲ್ಲಿ ಎಲ್ಲಿ ಹೋಯಿತು?

ನಿವೃತ್ತ ಪ್ರಾಧ್ಯಾಪಕಿ

ಬಹಳ ಒಳ್ಳೆಯ ಪ್ರಶ್ನೆ. ವೃತ್ತದಲ್ಲಿ ತಿರುಗುವಾಗ ವೇಗೋತ್ಕರ್ಷ ವೇಗಕ್ಕೆ ಲಂಬವಾಗಿರುತ್ತದೆ, ಆದ್ದರಿಂದ a·v ಸೊನ್ನೆ, ಷಾಟ್ ಶಕ್ತಿಯೂ ಸೊನ್ನೆ. ವೇಗೋತ್ಕರ್ಷದ ಪ್ರಮಾಣ ಬದಲಾಗದಿದ್ದರೂ ಅದರ ದಿಕ್ಕು ಸದಾ ತಿರುಗುತ್ತಿರುವುದರಿಂದ da/dt ಸೊನ್ನೆಯಲ್ಲ, ಅದು ವೇಗಕ್ಕೆ ನೇರ ವಿರುದ್ಧವಾಗಿರುತ್ತದೆ. ಹಾಗಾಗಿ ಪ್ರತಿಕ್ರಿಯೆ ಘರ್ಷಣೆಯಂತೆ ಎಳೆಯುತ್ತದೆ, ಲೆಕ್ಕ ಆಯಾ ಕ್ಷಣದಲ್ಲೇ ಮುಗಿಯುತ್ತದೆ. ಒಗಟು ಹುಟ್ಟುವುದು ನೇರ ದಾರಿಯಲ್ಲಿ ಮಾತ್ರ. ಬೆಳಕಿನ ವೇಗದ ಸಮೀಪದಲ್ಲಿ ಸೂತ್ರಗಳ ರೂಪ ಬದಲಾಗುತ್ತದೆ, ಆದರೆ ಈ ಮಾತು ಬದಲಾಗುವುದಿಲ್ಲ.

ತತ್ತ್ವಾಸಕ್ತ

ಪ್ರಶ್ನೆಯ ಮೂಲ ಬೇರೆಯೇ ಇದೆ ಎಂದು ನನಗೆ ತೋರುತ್ತದೆ. ಐನ್‌ಸ್ಟೈನರ ಸಮತ್ವ ತತ್ತ್ವದ ಪ್ರಕಾರ ಮೇಜಿನ ಮೇಲೆ ಸುಮ್ಮನೆ ಕುಳಿತ ಆವೇಶವೂ ಸಮ ವೇಗೋತ್ಕರ್ಷದಲ್ಲಿರುವ ಆವೇಶವೂ ಒಂದೇ. ಮೇಜಿನ ಮೇಲಿನ ಆವೇಶ ವರ್ಷಗಟ್ಟಲೆ ಕುಳಿತರೂ ವಿಕಿರಣ ಸೂಸುವುದಿಲ್ಲ. ಆದ್ದರಿಂದ ಫಲಕಗಳ ನಡುವಿನ ಎಲೆಕ್ಟ್ರಾನೂ ಸೂಸುವುದಿಲ್ಲ, ಪ್ರತಿಕ್ರಿಯಾ ಬಲ ಸೊನ್ನೆ ಎಂಬುದೇ ಅದಕ್ಕೆ ಸಾಕ್ಷಿ. ಪೌಲಿ ಕೂಡ 1921ರಲ್ಲಿ ಹಾಗೆಯೇ ಬರೆದಿದ್ದಾರೆ.

ನಿವೃತ್ತ ಪ್ರಾಧ್ಯಾಪಕಿ

ಪೌಲಿ ಹಾಗೆ ವಾದಿಸಿದ್ದು ನಿಜ, ಆದರೆ ಅವರು ನೋಡಿದ್ದು ಅನಂತ ಕಾಲದಿಂದ ಅನಂತ ಕಾಲದವರೆಗೆ ಸಮ ವೇಗೋತ್ಕರ್ಷದಲ್ಲೇ ಇರುವ ಆವೇಶವನ್ನು. ವಿದ್ಯಾರ್ಥಿಯ ಎಲೆಕ್ಟ್ರಾನ್ ಕಾಲು ಮಿಲಿಮೀಟರ್ ಓಡಿ ಹೊರಬರುತ್ತದೆ, ಅದು ವಿಕಿರಣ ಸೂಸುತ್ತದೆ ಎಂಬುದರಲ್ಲಿ ಯಾವ ಭಿನ್ನಮತವೂ ಇಲ್ಲ. ಅನಂತ ಓಟದ ಸಂದರ್ಭದಲ್ಲೂ ದೂರದಲ್ಲಿ ನಿಶ್ಚಲವಾಗಿರುವ ವೀಕ್ಷಕನಿಗೆ ಲಾರ್ಮರ್ ಸೂತ್ರದ ಸಾಮರ್ಥ್ಯವೇ ತಲಪುತ್ತದೆ ಎಂದು ಫುಲ್ಟನ್ ಮತ್ತು ರೋರ್ಲಿಕ್ 1960ರಲ್ಲಿ ವಿವರವಾಗಿ ತೋರಿಸಿದರು. ಮೇಜಿನ ವಿಷಯಕ್ಕೆ ಬೌಲ್‌ವೇರ್ 1980ರಲ್ಲಿ ಕೊಟ್ಟ ಉತ್ತರ ನನಗೆ ಒಪ್ಪಿಗೆಯಾಗಿದೆ: ಆವೇಶದ ಜೊತೆಗೇ ವೇಗೋತ್ಕರ್ಷದಲ್ಲಿರುವ ವೀಕ್ಷಕನಿಗೆ ಒಂದು ಕ್ಷಿತಿಜವಿದೆ, ವಿಕಿರಣವೆಂದು ಗುರುತಿಸಬಹುದಾದದ್ದೆಲ್ಲ ಅದರ ಆಚೆ ಇದೆ. ಅವನು ತನ್ನ ಪ್ರದೇಶದಲ್ಲಿ ಸ್ಥಿರ ಕ್ಷೇತ್ರವನ್ನು ಮಾತ್ರ ಕಾಣುತ್ತಾನೆ. ವಿಕಿರಣ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಇಬ್ಬರು ವೀಕ್ಷಕರು ಒಂದೇ ಉತ್ತರ ಕೊಡಬೇಕೆಂಬ ನಿರೀಕ್ಷೆಯೇ ತಪ್ಪು.

ತತ್ತ್ವಾಸಕ್ತ

ಇಬ್ಬರಲ್ಲಿ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದ ಶಕ್ತಿಯನ್ನು ನಾನು ವಾಸ್ತವವೆಂದು ಕರೆಯಲಾರೆ. ನಿಮ್ಮ ವಿವರಣೆಯನ್ನು ಗೌರವಿಸುತ್ತೇನೆ, ಆದರೆ ಒಪ್ಪಲು ನನ್ನಿಂದ ಆಗುತ್ತಿಲ್ಲ.

ಆಂಟೆನಾ ಎಂಜಿನಿಯರ್

ನನ್ನ ಮೊದಲ ಉತ್ತರ ಅರ್ಧ ಮಾತ್ರ ಸರಿಯಿತ್ತು ಎಂದು ಒಪ್ಪುತ್ತೇನೆ. ಆಂಟೆನಾದ ಸುತ್ತಲೂ ಕೂಡ ಹೋಗಿ ಬರುವ ಶಕ್ತಿ ಇರುತ್ತದೆ, ಷಾಟ್ ಶಕ್ತಿಯನ್ನು ನಾನು ಆ ಜಾತಿಗೇ ಸೇರಿಸಿಕೊಂಡೆ. ಆದರೆ ನನ್ನ ಸಮೀಪ ಕ್ಷೇತ್ರದಲ್ಲಿ ಶಕ್ತಿ ಎಂದೂ ಋಣವಾಗುವುದಿಲ್ಲ, ಏಕೆಂದರೆ ಅದು ಕ್ಷೇತ್ರದ ವರ್ಗ. ಇಲ್ಲಿ ಋಣ ಶಕ್ತಿ ಎಲ್ಲಿ ಕುಳಿತಿದೆ?

ನಿವೃತ್ತ ಪ್ರಾಧ್ಯಾಪಕಿ

ಒಟ್ಟು ಕ್ಷೇತ್ರದ ಶಕ್ತಿ ಇಲ್ಲೂ ಧನವೇ. ಷಾಟ್ ಪದ ಒಂದು ವ್ಯತ್ಯಾಸ: ಅದೇ ವೇಗದಲ್ಲಿ ವೇಗೋತ್ಕರ್ಷವಿಲ್ಲದೆ ಸಾಗುವ ಆವೇಶದ ಕ್ಷೇತ್ರಕ್ಕಿಂತ ಈ ಆವೇಶದ ಅಂಟಿಕೊಂಡ ಕ್ಷೇತ್ರದಲ್ಲಿ ಎಷ್ಟು ಕಡಿಮೆ ಶಕ್ತಿಯಿದೆ ಎಂಬುದು. ವೇಗ ಹೆಚ್ಚುತ್ತಿರುವಾಗ ಸುತ್ತಲಿನ ಕ್ಷೇತ್ರ ಇನ್ನೂ ಹಳೆಯ, ಕಡಿಮೆ ವೇಗಕ್ಕೆ ತಕ್ಕಂತೆ ಇರುತ್ತದೆ, ಆದ್ದರಿಂದ ಆ ಕೊರತೆ. ಇಷ್ಟನ್ನು ಧೈರ್ಯದಿಂದ ಹೇಳಬಲ್ಲೆ. ಆದರೆ ಬಿಂದು ಆವೇಶಕ್ಕೆ ಎರಡೂ ಶಕ್ತಿಗಳು ಅನಂತ. ಅವುಗಳ ವ್ಯತ್ಯಾಸ ನಿರ್ದಿಷ್ಟವಾಗಿ ಯಾವ ಜಾಗದಲ್ಲಿದೆ ಎಂಬುದು ಆವೇಶದ ಸುತ್ತ ನೀವು ಯಾವ ಮೇಲ್ಮೈಯನ್ನು ಕತ್ತರಿಸಿ ತೆಗೆಯುತ್ತೀರಿ ಎಂಬುದರ ಮೇಲೆ ನಿಲ್ಲುತ್ತದೆ. ಅನಂತ ಕಾಲದ ಓಟದಲ್ಲಂತೂ ಸಾಲ ಎಲ್ಲೂ ತೀರುವುದಿಲ್ಲ, ಆರಂಭದ ಬಾಗಿಲೂ ಇಲ್ಲ, ಹಾಗಾಗಿ ಅದನ್ನು ಭೌತಿಕ ಪ್ರಶ್ನೆಯೆಂದೇ ನಾನು ಪರಿಗಣಿಸುವುದಿಲ್ಲ. ಇದು ನನ್ನ ಅಭಿಪ್ರಾಯ, ಎಲ್ಲರದಲ್ಲ.

ಇಂದೋರಿನಲ್ಲಿರುವ ಕನ್ನಡಿಗ

ಇನ್ನೊಂದು ಮಿತಿಯನ್ನೂ ಹೇಳಿಬಿಡುತ್ತೇನೆ. τ ಗಿಂತ ಇನ್ನೂರು ಪಟ್ಟು ದೊಡ್ಡದಾದ 1.3 × 10⁻²¹ ಸೆಕೆಂಡಿನ ಹೊತ್ತಿಗೇ ಕ್ವಾಂಟಂ ಪರಿಣಾಮಗಳು ಬಂದುಬಿಡುತ್ತವೆ, ಆದ್ದರಿಂದ ಓಡಿಹೋಗುವ ಎಲೆಕ್ಟ್ರಾನ್ ನಮ್ಮ ಹಳೆಯ ಸಮೀಕರಣಗಳು ಮಾತಾಡಲು ಹಕ್ಕಿಲ್ಲದ ಜಾಗದಲ್ಲಿ ಓಡುತ್ತಿದೆ. 2018ರಲ್ಲಿ ಇಂಗ್ಲೆಂಡಿನ ರುದರ್‌ಫರ್ಡ್ ಆಪಲ್‌ಟನ್ ಪ್ರಯೋಗಾಲಯದ ಜೆಮಿನಿ ಲೇಸರ್‌ಗೆ ಎಲೆಕ್ಟ್ರಾನ್ ಪುಂಜವನ್ನು ಎದುರಾಗಿ ಹಾಯಿಸಿ ಪ್ರತಿಕ್ರಿಯೆಯಿಂದಾದ ಶಕ್ತಿನಷ್ಟವನ್ನು ಅಳೆದಾಗಲೂ ಲಂಡಾವ್–ಲಿಫ್‌ಷಿಟ್ಸ್ ರೂಪ ಎಲ್ಲಿಯವರೆಗೆ ಸಾಕು, ಕ್ವಾಂಟಂ ತಿದ್ದುಪಡಿ ಎಲ್ಲಿಂದ ಬೇಕು ಎಂಬುದೇ ಮುಖ್ಯ ಪ್ರಶ್ನೆಯಾಗಿತ್ತು. ಅಲ್ಲಿ ಸಿಕ್ಕ ಅಂಕಿಗಳ ಅನಿಶ್ಚಿತತೆ ದೊಡ್ಡದಿತ್ತು.

ಧಾರವಾಡದ ಎಂಎಸ್ಸಿ ವಿದ್ಯಾರ್ಥಿ

ಲಂಡಾವ್–ಲಿಫ್‌ಷಿಟ್ಸ್ ರೂಪದಲ್ಲಿ ಪ್ರೋಗ್ರಾಂ ಮತ್ತೆ ಬರೆದೆ, ಈ ಬಾರಿ ಅಂಚುಗಳನ್ನು ನಯವಾಗಿ ಇಳಿಸಿದ್ದೇನೆ. τ ಯನ್ನು ಒಟ್ಟು ಸಮಯದ ಸಾವಿರದ ಒಂದು ಭಾಗವಾಗಿ ಇಟ್ಟರೆ ಹೊರಬಂದ ಮೇಲಿನ ಚಲನ ಶಕ್ತಿ, ಕ್ಷೇತ್ರ ಮಾಡಿದ ಕೆಲಸಕ್ಕಿಂತ ಸರಿಯಾಗಿ ಸಾವಿರದಲ್ಲಿ ಎರಡು ಭಾಗ ಕಡಿಮೆ ಬರುತ್ತಿದೆ, ಮೇಡಂ ಹೇಳಿದ 2τ/T. ಅಂಚಿನ ಅಗಲವನ್ನು ಇಮ್ಮಡಿ ಮಾಡಿದರೂ ಈ ಅನುಪಾತದಲ್ಲಿ ಹೆಚ್ಚು ವ್ಯತ್ಯಾಸವಾಗಲಿಲ್ಲ. ಮುಂದೆ ಗೋಳದ ಸಮೀಕರಣವನ್ನು ಪ್ರಯತ್ನಿಸುತ್ತೇನೆ, R ಅನ್ನು cτ ಯ ಮೇಲಿನಿಂದ ಕೆಳಕ್ಕೆ ಇಳಿಸುತ್ತ ಹೋದರೆ ಓಟ ಶುರುವಾಗುವ ಜಾಗವನ್ನು ಕಣ್ಣಾರೆ ನೋಡಬಹುದಲ್ಲವೇ?

ಕೋಡ್ ಬರೆಯುವವ

ನೋಡಬಹುದು, ಆದರೆ ಹಿಂದಿನ ವೇಗಗಳನ್ನೆಲ್ಲ ಒಂದು ಸರಣಿಯಲ್ಲಿ ಉಳಿಸಿಟ್ಟುಕೊಳ್ಳಿ, ಮತ್ತು dt ಯು 2R/c ಯನ್ನು ಶೇಷವಿಲ್ಲದೆ ಭಾಗಿಸುವಂತೆ ಆರಿಸಿಕೊಳ್ಳಿ. ಇಲ್ಲದಿದ್ದರೆ ಈ ಬಾರಿ ಬರುವ ಸ್ಫೋಟ ನಿಜವಾಗಿಯೂ ವಿಧಾನದ್ದೇ ಆಗಿರುತ್ತದೆ.